ಬಾಡಿಗೆದಾರ ಹೋದ, ಸಾಮಾನು ಉಳಿಯಿತು

ಎರಡು ತಿಂಗಳಿಂದ ಬಾಡಿಗೆ ಬಂದಿಲ್ಲ. ಫೋನು ಸ್ವಿಚ್ ಆಫ್. ಬಾಗಿಲಿಗೆ ಬಾಡಿಗೆದಾರನದೇ ಬೀಗ. ಕಿಟಕಿಯ ಸಂದಿಯಲ್ಲಿ ಇಣುಕಿದರೆ ಮಂಚ, ಫ್ರಿಜ್ಜು, ಹಗ್ಗದ ಮೇಲೆ ಒಣಗಿ ಸೆಟೆದ ಟವೆಲ್ಲು ಕಾಣುತ್ತವೆ. ಕೆಳಗಿನ ಪಾರ್ಕಿಂಗಿನಲ್ಲಿ ಅವನ ಸ್ಕೂಟರು ಧೂಳು ಹೊದ್ದು ನಿಂತಿದೆ. ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಡುವವರಲ್ಲಿ ಹಲವರಿಗೆ ಒಂದಲ್ಲ ಒಂದು ಸಲ ಈ ಅನುಭವ ಆಗಿರುತ್ತದೆ. ಆಗ ಬೀದಿಯವರೆಲ್ಲ ಕೊಡುವ ಸಲಹೆಯೂ ಒಂದೇ: ಬೀಗ ಒಡೆಸಿ, ಸಾಮಾನು ಗುಜರಿಗೆ ಹಾಕಿ, ಟು-ಲೆಟ್ ಬೋರ್ಡು ನೇತುಹಾಕಿ.

ಈ ಸಲಹೆ ಎಲ್ಲಿ ಎಡವುತ್ತದೆ ಎಂದು ನೋಡಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ವ್ಯಕ್ತಿಗಳು ಕಲ್ಪಿತ, ಸನ್ನಿವೇಶ ಮಾತ್ರ ದಿನನಿತ್ಯದ್ದು. ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ ಮೊದಲ ಮಹಡಿಯ ಮನೆ. ತಿಂಗಳಿಗೆ 18,000 ರೂಪಾಯಿ ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್. ಎಲ್ಲರೂ ಮಾಡುವ ಹಾಗೆ ಹನ್ನೊಂದು ತಿಂಗಳ ಕರಾರು. ಅದು ಜನವರಿಗೇ ಮುಗಿದಿತ್ತು, ಹೊಸದು ಮಾಡಿಕೊಳ್ಳಲು ಇಬ್ಬರಿಗೂ ನೆನಪಾಗಲಿಲ್ಲ, ಬಾಡಿಗೆ ಮಾತ್ರ ತಿಂಗಳು ತಿಂಗಳು ಬರುತ್ತಿತ್ತು. ಮನೆಯೊಡತಿ ನಿವೃತ್ತ ಶಿಕ್ಷಕಿ. ಬಾಡಿಗೆದಾರ ಒಂಟಿ ಹುಡುಗ, ಖಾಸಗಿ ಕಂಪನಿಯ ನೌಕರ. ಮೇ ತಿಂಗಳವರೆಗೆ ಬಾಡಿಗೆ ಸರಿಯಾಗಿ ಬಂತು. ಜೂನಿನಲ್ಲಿ ಒಂದು ರಾತ್ರಿ ಅವನು ಬ್ಯಾಗು ಹೆಗಲಿಗೇರಿಸಿಕೊಂಡು ಹೋಗಿದ್ದನ್ನು ಎದುರುಮನೆಯವರು ನೋಡಿದ್ದಾರೆ. ಆಮೇಲೆ ಸುದ್ದಿಯಿಲ್ಲ. ಈಗ ಆಗಸ್ಟ್ ಮೊದಲ ವಾರ.

ಮನೆಯೊಡತಿಯ ಮುಂದೆ ಎರಡು ಪ್ರಶ್ನೆಗಳಿವೆ. ಮನೆ ತನ್ನ ಸ್ವಾಧೀನಕ್ಕೆ ಮರಳಿ ಬಂದಿದೆಯೇ ಎಂಬುದು ಒಂದು. ಒಳಗಿರುವ ಸಾಮಾನು ಯಾರದು ಎಂಬುದು ಇನ್ನೊಂದು. ಬೀಗ ಒಡೆಸಿ ಎನ್ನುವವರು ಎರಡನ್ನೂ ಒಂದೇ ಏಟಿಗೆ ಮುಗಿಸಲು ಹೊರಟಿರುತ್ತಾರೆ. ಆದರೆ ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಎರಡನೆಯದು ತಾನಾಗಿ ಬಗೆಹರಿಯುವುದಿಲ್ಲ. ಮನೆ ಖಾಲಿ ಮಾಡಿಸಿಕೊಳ್ಳುವ ಹಕ್ಕು ಬಂದ ದಿನವೂ ಆ ಫ್ರಿಜ್ಜು ಬಾಡಿಗೆದಾರನದೇ ಆಗಿರುತ್ತದೆ.

ಮೊದಲ ಪ್ರಶ್ನೆಯ ತಿರುಳಿರುವುದು ಬೀಗದ ಕೈಯಲ್ಲಿ. ಬಾಡಿಗೆದಾರ ಕೀ ಒಪ್ಪಿಸಿ, ಹಳೇ ಮಂಚವೊಂದನ್ನು ಬಿಟ್ಟು ಹೋಗಿದ್ದರೆ ಮನೆ ನಿಮ್ಮ ಕೈಗೆ ಬಂದಂತೆಯೇ. ಉಳಿದದ್ದು ಮಂಚದ ಪ್ರಶ್ನೆ ಮಾತ್ರ. ಕೀ ಅವನ ಬಳಿಯೇ ಇದ್ದು ಬಾಗಿಲಿಗೆ ಅವನ ಬೀಗವಿದ್ದರೆ, ಬಾಡಿಗೆ ಎಷ್ಟೇ ಬಾಕಿಯಿರಲಿ, ಕಾನೂನಿನ ಕಣ್ಣಿಗೆ ಅವನು ಇನ್ನೂ ಆ ಮನೆಯಲ್ಲೇ ಇದ್ದಾನೆ. ತನ್ನ ಒಪ್ಪಿಗೆಯಿಲ್ಲದೆ, ಕಾನೂನಿನ ದಾರಿಯಿಂದಲ್ಲದೆ ತನ್ನನ್ನು ಮನೆಯಿಂದ ಹೊರಹಾಕಿದರು ಎಂದು ಅವನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಹಿಡಿದು ಆರು ತಿಂಗಳೊಳಗೆ ದಾವೆ ಹೂಡಬಹುದು. ಆ ದಾವೆಯಲ್ಲಿ ನ್ಯಾಯಾಲಯ ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳುವುದಿಲ್ಲ. ಸ್ವಾಧೀನದಲ್ಲಿ ಯಾರಿದ್ದರು, ಅವರನ್ನು ಹೇಗೆ ಹೊರಹಾಕಲಾಯಿತು ಎಂಬುದಷ್ಟೇ ವಿಚಾರ. ಬಾಡಿಗೆದಾರನ ಬೀಗದ ಮೇಲೆ ತಮ್ಮದೊಂದು ಬೀಗ ಜಡಿಯುವ ಓನರುಗಳೂ ಇದೇ ಬಲೆಗೆ ಬೀಳುತ್ತಾರೆ.

ಅದಕ್ಕಿಂತ ದೊಡ್ಡ ತಲೆನೋವು ಬೇರೆ. ಸಾಕ್ಷಿಗಳಿಲ್ಲದೆ ಬಾಗಿಲು ತೆಗೆದರೆ, ಒಳಗೆ ಏನಿತ್ತು ಎಂಬುದಕ್ಕೆ ಮುಂದೆ ಅವನ ಮಾತೇ ಪ್ರಮಾಣ. ಬೀರುವಿನಲ್ಲಿ ನಾಲ್ಕು ತೊಲ ಚಿನ್ನ ಇತ್ತು ಅನ್ನುತ್ತಾನೆ. ಇರಲಿಲ್ಲ ಎಂದು ನೀವು ಹೇಗೆ ತೋರಿಸುತ್ತೀರಿ?

ಆದ್ದರಿಂದ ಮೊದಲ ಕೆಲಸ ಬಾಗಿಲು ಮುಟ್ಟದೆ, ಅವನು ನಿಜಕ್ಕೂ ಬಿಟ್ಟುಹೋಗಿದ್ದಾನೆಯೇ ಎಂದು ಹೊರಗಿನಿಂದಲೇ ಓದಿಕೊಳ್ಳುವುದು. ಕರೆಂಟ್ ಬಿಲ್ಲು ಇದಕ್ಕೆ ಒಳ್ಳೆಯ ಸಾಕ್ಷಿ. ಓಡುತ್ತಿರುವ ಫ್ರಿಜ್ಜೊಂದೇ ತಿಂಗಳಿಗೆ ಒಂದಷ್ಟು ಯೂನಿಟ್ ತಿನ್ನುತ್ತದೆ. ಬಿಲ್ಲಿನಲ್ಲಿ ಬಳಕೆ ಸೊನ್ನೆಗೆ ಇಳಿದಿದ್ದರೆ ಹೋಗುವವನು ಮೇನ್ ಸ್ವಿಚ್ ಆರಿಸಿ ಹೋಗಿದ್ದಾನೆ ಎಂದರ್ಥ, ಅಂದರೆ ಯೋಚನೆ ಮಾಡಿಯೇ ಹೊರಟಿದ್ದಾನೆ. ಇಂಟರ್‌ನೆಟ್ ಸಂಪರ್ಕ ತೆಗೆಸಿದ್ದಾನೆಯೇ, ಹಾಲಿನವರ ಲೆಕ್ಕ ಚುಕ್ತಾ ಮಾಡಿದ್ದಾನೆಯೇ ಎಂದು ವಿಚಾರಿಸಬಹುದು. ಎಲ್ಲಕ್ಕಿಂತ ಹೆಚ್ಚು ಹೇಳುವುದು, ಅವನು ಏನನ್ನು ಬಿಟ್ಟು ಹೋಗಿದ್ದಾನೆ ಎಂಬ ಸಂಗತಿ. ವಾಪಸ್ ಬರುವ ಇರಾದೆ ಇಲ್ಲದವನು ಮಾರ್ಕ್ಸ್ ಕಾರ್ಡು, ಲ್ಯಾಪ್‌ಟಾಪು, ದೇವರ ಪಟ ಇವನ್ನು ತೆಗೆದುಕೊಂಡು ಹೋಗುತ್ತಾನೆ. ಬಕೆಟ್ಟು, ಮುರುಕು ಕೂಲರು, ಹಾಸಿಗೆ ಉಳಿಯುತ್ತವೆ. ಕಿಟಕಿಯಿಂದ ನೋಡಿದಾಗ ಗೂಡಿನಲ್ಲಿ ದೇವರು ಹಾಗೇ ಕೂತಿದ್ದರೆ, ಮೇಜಿನ ಮೇಲೆ ಕನ್ನಡಕವೋ ಔಷಧಿಯೋ ಇದ್ದರೆ ಬೇರೆಯೇ ಕಥೆ ಇರಬಹುದು. ಆಸ್ಪತ್ರೆ, ಅಪಘಾತ, ಬಂಧನ, ಸಾವು ಯಾವುದೂ ಅಸಂಭವವಲ್ಲ. ಅಂಥ ಸಂದರ್ಭದಲ್ಲಿ ಬಾಡಿಗೆಯ ಮಾತನ್ನು ಬದಿಗಿಟ್ಟು, ಮನುಷ್ಯ ಕಾಣೆಯಾಗಿದ್ದಾನೆ ಎಂದು ಪೊಲೀಸ್ ಠಾಣೆಗೆ ತಿಳಿಸಬೇಕು.

ನಮ್ಮ ಉದಾಹರಣೆಯಲ್ಲಿ ಬಿಲ್ಲು ಸೊನ್ನೆಗೆ ಇಳಿದಿದೆ. ಗೂಡು ಖಾಲಿ. ಅವನು ಹೋಗಿದ್ದಾನೆ ಎಂಬುದು ಹೆಚ್ಚುಕಡಿಮೆ ಖಚಿತ. ಈಗ ಅದನ್ನು ಕಾಗದದ ಮೇಲೆ ತರಬೇಕು.

ಕರಾರಿನ ಜೊತೆ ಇಟ್ಟುಕೊಂಡ ಆಧಾರ್ ಪ್ರತಿಯ ಬೆಲೆ ಗೊತ್ತಾಗುವುದು ಇಂಥ ದಿನವೇ. ಅದರಲ್ಲಿ ಅವನ ಊರಿನ ವಿಳಾಸವಿದೆ. ಮನೆಯೊಡತಿ ವಕೀಲರ ಕೈಯಲ್ಲಿ ಒಂದು ನೋಟಿಸು ಬರೆಸಿ, ಸ್ವೀಕೃತಿ ಬರುವಂತೆ ಅಂಚೆಯಲ್ಲಿ ಎರಡು ವಿಳಾಸಕ್ಕೂ, ಊರಿನದಕ್ಕೂ ಬಾಡಿಗೆ ಮನೆಯದಕ್ಕೂ, ಕಳಿಸುತ್ತಾರೆ. ಅದರ ಫೋಟೋವನ್ನು ವಾಟ್ಸಾಪಿಗೂ ಇಮೇಲಿಗೂ ಹಾಕುತ್ತಾರೆ. ಒಂದು ಪ್ರತಿಯನ್ನು ಬಾಗಿಲಿಗೆ ಅಂಟಿಸಿ, ದಿನಾಂಕ ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ. ಬಾಗಿಲಿಗೆ ಅಂಟಿಸುವುದು ಓನರುಗಳು ಕಂಡುಕೊಂಡ ಉಪಾಯವಲ್ಲ. ಅಂಚೆಯಲ್ಲಿ ಕಳಿಸಬಹುದು, ಕೈಗೆ ಕೊಡಬಹುದು, ಮನೆಮಂದಿಗೆ ಕೊಡಬಹುದು, ಕೈಗೆ ಮುಟ್ಟಿಸುವುದು ಸಾಧ್ಯವೇ ಇಲ್ಲದಿದ್ದರೆ ಆಸ್ತಿಯ ಮೇಲೆ ಎದ್ದು ಕಾಣುವ ಕಡೆ ಅಂಟಿಸಬಹುದು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ನೇ ಹೇಳುತ್ತದೆ. ತಿಂಗಳ ಬಾಡಿಗೆಯ ಮನೆಗೆ ಆ ಸೆಕ್ಷನ್ ಕೇಳುವುದು ಹದಿನೈದು ದಿನದ ನೋಟಿಸು.

ಕರ್ನಾಟಕಕ್ಕೆ ತನ್ನದೇ ಬಾಡಿಗೆ ಕಾಯ್ದೆಯಿದೆಯಲ್ಲ ಎಂದು ಕೆಲವರು ಕೇಳಬಹುದು. 1999ರ ಆ ಕಾಯ್ದೆ, ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇವತ್ತು ರಾಜಧಾನಿಯಲ್ಲಿ ಆ ದುಡ್ಡಿಗೆ ಮನೆ ಎಲ್ಲಿದೆ? ಹಾಗಾಗಿ ಹೆಚ್ಚಿನವರ ಪಾಲಿಗೆ ಉಳಿಯುವುದು ಬ್ರಿಟಿಷರ ಕಾಲದ ಆಸ್ತಿ ವರ್ಗಾವಣೆ ಕಾಯ್ದೆಯೇ.

ನೋಟಿಸಿನ ಒಕ್ಕಣೆ ಬೆದರಿಕೆಯಂತಿರಬಾರದು. ಬಾಕಿ ಎಷ್ಟು, ಅಡ್ವಾನ್ಸಿನಲ್ಲಿ ಇನ್ನೂ ಎಷ್ಟು ಉಳಿದಿದೆ, ಯಾವ ದಿನಾಂಕದೊಳಗೆ ಬಂದು ಕೀ ಒಪ್ಪಿಸಿ ಸಾಮಾನು ಒಯ್ಯಬೇಕು, ಬರಲಾಗದಿದ್ದರೆ ಯಾರಿಗೆ ಒಪ್ಪಿಗೆ ಬರೆದುಕೊಡಬೇಕು, ಇಷ್ಟು ಸ್ಪಷ್ಟವಾಗಿರಬೇಕು. ಅಡ್ವಾನ್ಸಿನ ಸಾಲನ್ನು ಮರೆಯದೆ ಬರೆಯಿರಿ ಎನ್ನುವುದು ನನ್ನ ಒತ್ತಾಯ. ಮಾಯವಾದ ಬಾಡಿಗೆದಾರರಲ್ಲಿ ಮೋಸಗಾರರು ಇಲ್ಲವೆಂದಲ್ಲ, ಆದರೆ ಕೆಲಸ ಹೋಗಿ, ಮುಖ ತೋರಿಸಲಾಗದೆ ಅಡಗಿ ಕೂತವರೂ ಇರುತ್ತಾರೆ. ತನಗೆ ಇನ್ನೂ ಸ್ವಲ್ಪ ದುಡ್ಡು ವಾಪಸ್ ಬರುವುದಿದೆ ಎಂದು ಗೊತ್ತಾದರೆ ಅಂಥವರ ಫೋನು ಆನ್ ಆಗುತ್ತದೆ.

ಇದೇ ಹೊತ್ತಿಗೆ ಠಾಣೆಗೊಂದು ಅರ್ಜಿ ಕೊಡುವುದು ಒಳ್ಳೆಯದು. ಪೊಲೀಸರು ಬಹುಶಃ ಇದು ಸಿವಿಲ್ ಸ್ವರೂಪದ್ದು, ಕೋರ್ಟಿನಲ್ಲಿ ಬಗೆಹರಿಸಿಕೊಳ್ಳಿ ಎಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ಎಷ್ಟೋ ಜನ ಅದನ್ನು ಸೋಲೆಂದು ತಿಳಿದು ಬೇಸರಪಡುತ್ತಾರೆ. ನಿಮಗೆ ಬೇಕಾಗಿರುವುದು ಆ ಹಿಂಬರಹವೇ. ಇಂಥ ದಿನ ಇಂಥವರು ಠಾಣೆಗೆ ಬಂದು, ಮನೆಗೆ ಬೀಗವಿದೆ, ಬಾಡಿಗೆದಾರ ಪತ್ತೆಯಿಲ್ಲ ಎಂದು ತಿಳಿಸಿದ್ದರು ಎಂಬುದಕ್ಕೆ ಮುಂದೆ ಅದಕ್ಕಿಂತ ಒಳ್ಳೆಯ ದಾಖಲೆ ಸಿಗುವುದಿಲ್ಲ.

ಇಷ್ಟಾದ ಮೇಲೆ ಬಾಗಿಲು ತೆಗೆಯುವುದಕ್ಕೆ ಕಾನೂನು ಒಪ್ಪುವ ದಾರಿಗಳು ಎರಡೇ: ಅವನ ಒಪ್ಪಿಗೆ, ಇಲ್ಲವೇ ನ್ಯಾಯಾಲಯದ ಆದೇಶ. ಒಳಗಿನಿಂದ ನೀರು ಸೋರುತ್ತಿದ್ದರೆ, ಗ್ಯಾಸಿನ ಅಥವಾ ಕೊಳೆತ ವಾಸನೆ ಬರುತ್ತಿದ್ದರೆ ಮಾತು ಬೇರೆ. ಆಗ ಪೊಲೀಸರನ್ನೋ ಅಗ್ನಿಶಾಮಕದವರನ್ನೋ ಕರೆದು ಅವರೆದುರೇ ತೆಗೆಸಬೇಕು. ನೋಟಿಸಿನ ಗಡುವು ಮುಗಿದ ಮೇಲೆ ನಾಲ್ಕು ಜನರ ಎದುರು ವಿಡಿಯೋ ಮಾಡಿಸಿ ತೆಗೆದವರು ಬೇಕಾದಷ್ಟು ಜನ ಇದ್ದಾರೆ, ಹೆಚ್ಚಿನವರಿಗೆ ಏನೂ ಆಗಿಲ್ಲ ಎಂಬುದೂ ನಿಜ. ಆದರೆ ಅದು ಕಾನೂನು ಕೊಟ್ಟ ಅನುಮತಿಯಲ್ಲ, ಓನರ್ ತಾನಾಗಿ ಮೈಮೇಲೆ ಹಾಕಿಕೊಂಡ ಅಪಾಯ. ಒಳಗೆ ಬೆಲೆಬಾಳುವ ಸಾಮಾನು ಕಂಡರೆ, ಬಾಡಿಗೆದಾರ ಜಗಳಗಂಟ ಎಂದು ಗೊತ್ತಿದ್ದರೆ ಆ ಅಪಾಯಕ್ಕೆ ಕೈಹಾಕದೆ ದಾವೆ ಹೂಡುವುದೇ ವಾಸಿ. ಅವನಿಗೆ ಸಮನ್ಸು ಜಾರಿಯಾಗದಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಲು, ಮನೆಯ ಸ್ಥಿತಿ ನೋಡಿ ಬರಲು ಕಮಿಷನರನ್ನು ನೇಮಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಡಿಕ್ರಿ ಆದ ಮೇಲೆ ಅಮೀನರು ಬಂದು ಬೀಗ ತೆಗೆಸಿ ಸ್ವಾಧೀನ ಕೊಡಿಸುತ್ತಾರೆ. ಇದಕ್ಕೆ ಸಮಯ ಹಿಡಿಯುತ್ತದೆ, ಖರ್ಚೂ ಇದೆ.

ನಮ್ಮ ಹುಡುಗನ ವಿಷಯದಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಊರಿನ ಮನೆಗೆ ನೋಟಿಸು ತಲುಪಿದ ಎರಡು ದಿನಕ್ಕೆ ಅವನದೇ ಫೋನು.

“ಆಂಟಿ, ಕೆಲ್ಸ ಹೋಯ್ತು. ಬಾಡಿಗೆ ಕೊಡೋಕಾಗ್ಲಿಲ್ಲ, ನಿಮಗೆ ಹೇಳೋಕೆ ಮುಖ ಇರ್ಲಿಲ್ಲ. ಈಗ ಪುಣೆಯಲ್ಲಿದೀನಿ. ಸಾಮಾನು ನೀವೇ ಏನಾದ್ರೂ ಮಾಡ್ಕೊಳ್ಳಿ.”

“ಹಂಗೆ ಬಾಯಲ್ಲಿ ಹೇಳಿದ್ರೆ ಆಗಲ್ಲಪ್ಪ, ಬರ್ದು ಕಳ್ಸು,” ಎಂದರು ಮೇಷ್ಟ್ರಮ್ಮ.

ಬರೆಸಿಕೊಂಡದ್ದು ಆರೇಳು ಸಾಲು. ಮನೆಯನ್ನು ಇಂಥ ದಿನಾಂಕದಿಂದ ಒಪ್ಪಿಸಿದ್ದೇನೆ. ಬೀಗ ತೆಗೆಯಲು ನನ್ನ ತಮ್ಮನಿಗೆ ಒಪ್ಪಿಗೆ ಕೊಟ್ಟಿದ್ದೇನೆ. ಅವನ ಎದುರು ಪಟ್ಟಿ ಮಾಡಿದ ಸಾಮಾನಿನಲ್ಲಿ ಅವನು ಒಯ್ಯದೆ ಉಳಿದದ್ದನ್ನು ಸೆಪ್ಟೆಂಬರ್ 30ರೊಳಗೆ ನಾನು ಒಯ್ಯದಿದ್ದರೆ ಮಾರಬಹುದು ಅಥವಾ ವಿಲೇವಾರಿ ಮಾಡಬಹುದು, ಬಂದ ದುಡ್ಡನ್ನು ನನ್ನ ಲೆಕ್ಕಕ್ಕೆ ಜಮಾ ಮಾಡಬೇಕು. ಇದನ್ನು ಸಹಿ ಮಾಡಿ, ಆಧಾರಿನ ಪ್ರತಿ ಸೇರಿಸಿ, ಅಂಚೆಯಲ್ಲೂ ಅವನ ಮಾಮೂಲಿ ನಂಬರಿನ ವಾಟ್ಸಾಪಿನಲ್ಲೂ ಕಳಿಸಿದ. “ಏನಾದ್ರೂ ಮಾಡ್ಕೊಳ್ಳಿ” ಎಂಬ ಮಾತು ನಾಳೆ ಬದಲಾಗಬಹುದು. ಈ ಆರೇಳು ಸಾಲು ಬದಲಾಗುವುದಿಲ್ಲ.

ಬಾಗಿಲು ತೆಗೆದ ದಿನ ತಮ್ಮ ಬಂದಿದ್ದ. ಜೊತೆಗೆ ಎದುರುಮನೆಯವರು ಒಬ್ಬರು, ಬೀದಿಯ ಅಂಗಡಿಯವರು ಒಬ್ಬರು, ಹೀಗೆ ಇಬ್ಬರು ಪಂಚರು. ಬೀಗ ಒಡೆಯುವುದಕ್ಕೆ ಮುಂಚಿನಿಂದಲೇ ವಿಡಿಯೋ ಶುರುವಾಗಿ, ಕೋಣೆಯಿಂದ ಕೋಣೆಗೆ ಕಡಿಯದೆ ನಡೆಯಬೇಕು. ಬೀರು, ಸೂಟ್‌ಕೇಸು, ಡ್ರಾಯರುಗಳನ್ನು ಕ್ಯಾಮೆರಾದ ಮುಂದೆಯೇ ತೆರೆಯಬೇಕು. ಪಟ್ಟಿಯಲ್ಲಿ “ಫ್ರಿಜ್ 1” ಎಂದು ಬರೆದರೆ ಸಾಲದು. ಯಾವ ಕಂಪನಿಯದು, ಎಷ್ಟು ದೊಡ್ಡದು, ಬಾಗಿಲಿನ ರಬ್ಬರ್ ಕಿತ್ತಿದೆಯೇ, ಓಡುತ್ತದೆಯೇ ಎಂಬ ವಿವರವಿರಬೇಕು, ಏಕೆಂದರೆ ಮುಂದೆ ಬೆಲೆಯ ಜಗಳ ಬರುವುದು ಇಲ್ಲೇ. ಕೊನೆಗೆ ಎಲ್ಲರ ಸಹಿ. ಮಹಜರು ಎಂದರೆ ಇಷ್ಟೇ, ಪೊಲೀಸರೇ ಬರೆಯಬೇಕೆಂದಿಲ್ಲ.

ಒಳಗಿನ ಸಾಮಾನೆಲ್ಲ ಒಂದೇ ಜಾತಿಯದಲ್ಲ. ಹುಳ ಬಿದ್ದ ಅಕ್ಕಿ, ಫ್ರಿಜ್ಜಿನಲ್ಲಿ ಕೊಳೆತದ್ದು ಇವನ್ನು ಫೋಟೋ ತೆಗೆದು ಅದೇ ದಿನ ಬಿಸಾಡಬೇಕು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಗ್ಯಾಸ್ ಸಿಲಿಂಡರು ಬಾಡಿಗೆದಾರನದೂ ಅಲ್ಲ, ಡಿಪಾಜಿಟ್ ಕಟ್ಟಿಸಿಕೊಂಡು ಕೊಟ್ಟ ತೈಲ ಕಂಪನಿಯದು. ಅದನ್ನು ಮುಂದಿನ ಬಾಡಿಗೆದಾರನಿಗೆ ದಾಟಿಸುವುದು ನಮ್ಮಲ್ಲಿ ಮಾಮೂಲಿ, ಆದರೂ ಸರಿಯಾದ ದಾರಿ ಅವನ ಹೆಸರಿನ ಏಜೆನ್ಸಿಗೆ ತಿಳಿಸಿ ಒಪ್ಪಿಸುವುದು. ಪಾಸ್‌ಪೋರ್ಟ್ ಸಿಕ್ಕರೆ ಅದು ಭಾರತ ಸರ್ಕಾರದ ಸ್ವತ್ತು. ಅಂಕಪಟ್ಟಿ, ಪಾನ್ ಕಾರ್ಡು, ಬ್ಯಾಂಕಿನ ಕಾಗದಗಳಿಗೆ ಗುಜರಿಯಲ್ಲಿ ಕಾಸಿಲ್ಲ, ಅವನ ಬದುಕಿನಲ್ಲಿ ಮಾತ್ರ ಎಲ್ಲಕ್ಕಿಂತ ಬೆಲೆ ಹೆಚ್ಚು. ಅವನ್ನು ಕವರಿಗೆ ಹಾಕಿ, ಮೊಹರು ಮಾಡಿ ಬೇರೆಯಾಗಿ ಇಡಬೇಕು. ಚಿನ್ನ, ನಗದು ಕಂಡರೆ ಮುಟ್ಟದೆ, ಮನೆಯವರು ಸ್ಥಳದಲ್ಲಿದ್ದರೆ ಅವರಿಗೆ ಸಹಿ ಪಡೆದು ಕೊಡಬೇಕು, ಇಲ್ಲದಿದ್ದರೆ ಠಾಣೆಗೆ ತಿಳಿಸಬೇಕು. ಆಯುಧವೋ ಮಾದಕ ವಸ್ತುವಿನಂಥದ್ದೋ ಕಂಡರೆ ಪಟ್ಟಿ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ, ಬಾಗಿಲು ಮುಚ್ಚಿ ಫೋನ್ ಮಾಡಬೇಕು.

ಬಹಳ ಜನರಿಗೆ ಹೊಳೆಯದ ಇನ್ನೊಂದು ವಿಷಯವಿದೆ. ಈಗಿನ ಹುಡುಗರ ಮನೆಯ ಮಂಚ, ವಾಷಿಂಗ್ ಮಷೀನು ಅವರದ್ದೇ ಎಂದು ಹೇಳುವ ಹಾಗಿಲ್ಲ. ಪೀಠೋಪಕರಣವನ್ನು ತಿಂಗಳ ಬಾಡಿಗೆಗೆ ಕೊಡುವ ಕಂಪನಿಗಳಿವೆ, ಮಂಚದ ತಳದಲ್ಲೋ ಫ್ರಿಜ್ಜಿನ ಹಿಂಬದಿಯಲ್ಲೋ ಅವರ ಚೀಟಿ ಅಂಟಿರುತ್ತದೆ. ಸ್ಕೂಟರಿನ ಮೇಲೆ ಸಾಲವಿರಬಹುದು. ಬಾಡಿಗೆದಾರನ ಒಪ್ಪಿಗೆ ಇದೆಯೆಂದು ನೀವು ಮಾರಿದರೂ ಅವನದಲ್ಲದ್ದನ್ನು ಮಾರುವ ಒಪ್ಪಿಗೆಯನ್ನು ಅವನು ಕೊಡಲಾರ. ನಮ್ಮ ಉದಾಹರಣೆಯ ಮಂಚ, ಹಾಸಿಗೆಗಳು ಹಾಗೆ ಬಾಡಿಗೆಯವೇ ಆಗಿದ್ದವು. ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದ ಮೇಲೆ ಅವರೇ ಬಂದು ರಸೀದಿ ಕೊಟ್ಟು ಒಯ್ದರು. ಸ್ಕೂಟರನ್ನು ತಮ್ಮ ಆರ್‌ಸಿ ತೋರಿಸಿ ಒಯ್ದ. ಯಾರೂ ಬಾರದ ವಾಹನವಾದರೆ ಅದನ್ನು ಗುಜರಿಗೆ ತಳ್ಳುವ ಮಾತೇ ಬೇಡ. ನೋಂದಣಿ ಇನ್ನೊಬ್ಬರ ಹೆಸರಿನಲ್ಲಿರುವ ಗಾಡಿಯನ್ನು ಬಿಚ್ಚಿ ಮಾರಿದರೆ ಕಳವಿನ ಮಾಲು ಎಂಬ ಅನುಮಾನಕ್ಕೆ ಗುರಿಯಾಗುವುದು ಖಂಡಿತ. ನಂಬರು ಬರೆದು ಠಾಣೆಗೆ ಲಿಖಿತವಾಗಿ ತಿಳಿಸಿ ಹಿಂಬರಹ ಇಟ್ಟುಕೊಳ್ಳಬೇಕು.

ತಮ್ಮ ಸ್ಕೂಟರಿನ ಜೊತೆ ಬಟ್ಟೆ, ಕಾಗದಗಳನ್ನಷ್ಟೇ ಒಯ್ದ. ಫ್ರಿಜ್ಜು, ಮೇಜು, ಪಾತ್ರೆಗಳು ಉಳಿದವು. ಈಗ ಎರಡನೆಯ ಪ್ರಶ್ನೆ.

ಬಾಡಿಗೆ ಬಾಕಿಯಿದೆ, ಹಾಗಾಗಿ ಸಾಮಾನು ನನ್ನದು ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಎಷ್ಟು ಗಟ್ಟಿಯೋ ಕಾನೂನಿನಲ್ಲಿ ಅಷ್ಟೇ ಪೊಳ್ಳು. ಸಾಲಕ್ಕಾಗಿ ಇನ್ನೊಬ್ಬರ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಸಾಮಾನ್ಯ ಹಕ್ಕು ಯಾರಿಗಿದೆ ಎಂದು 1872ರ ಕರಾರು ಕಾಯ್ದೆಯ 171ನೇ ಸೆಕ್ಷನ್ ಹೆಸರಿಸುತ್ತದೆ. ಬ್ಯಾಂಕಿನವರು, ಸರಕಿನ ದಲ್ಲಾಳಿಗಳು, ಹಡಗುಕಟ್ಟೆಯವರು, ಹೈಕೋರ್ಟಿನ ವಕೀಲರು, ವಿಮೆ ಪಾಲಿಸಿಯ ದಲ್ಲಾಳಿಗಳು ಅಲ್ಲಿದ್ದಾರೆ. ಮನೆ ಮಾಲೀಕ ಆ ಸಾಲಿನಲ್ಲಿಲ್ಲ. ಉಳಿದವರು ಬೇಕಾದರೆ ಕರಾರಿನಲ್ಲಿ ಸ್ಪಷ್ಟವಾಗಿ ಬರೆಸಿಕೊಂಡಿರಬೇಕು. ಬಾಕಿ ಬಾಡಿಗೆಗೆ ದಾವೆ ಹೂಡಲು ಮೂರು ವರ್ಷ ಕಾಲಾವಕಾಶವಿದೆ, ಹಾಗೆ ಗೆದ್ದರೂ ಸಾಲಗಾರನ ಅಗತ್ಯದ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆಗಳನ್ನು ಜಪ್ತಿ ಮಾಡುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಕಾಪಾಡಿದೆ. ನ್ಯಾಯಾಲಯವೇ ಮುಟ್ಟದ ಕುಕ್ಕರನ್ನು ಓನರ್ ತನ್ನದೆಂದುಕೊಳ್ಳುವುದು ಹೇಗೆ?

ಹಾಗಾದರೆ ಅವರ ಪಾತ್ರವೇನು? ಬಾಡಿಗೆದಾರ ಬಿಟ್ಟ ಸಾಮಾನು ಎಂದು ಹೆಸರಿಟ್ಟು ಹೇಳುವ ಸೆಕ್ಷನ್ ಕರಾರು ಕಾಯ್ದೆಯಲ್ಲಿ ಇಲ್ಲ. ಹತ್ತಿರ ಬರುವುದು, ಇನ್ನೊಬ್ಬರ ವಸ್ತು ಸಿಕ್ಕಿ ಅದನ್ನು ತನ್ನ ಸುಪರ್ದಿಗೆ ತೆಗೆದುಕೊಂಡವನ ಬಗೆಗಿನ ನಿಯಮ. 71ನೇ ಸೆಕ್ಷನ್ ಅಂಥವನನ್ನು ಆ ವಸ್ತುವಿನ ಕಾವಲುಗಾರನನ್ನಾಗಿ ಮಾಡುತ್ತದೆ. ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನ ಅದಕ್ಕೂ ಸಲ್ಲಬೇಕು, ಅದಕ್ಕಿಂತ ಹೆಚ್ಚಲ್ಲ, ಕಡಿಮೆಯೂ ಅಲ್ಲ. ಫ್ರಿಜ್ಜನ್ನು ಟೆರೇಸಿನ ಮಳೆಗೆ ಬಿಡಬಾರದು, ಅದಕ್ಕೆಂದು ಹೊಸ ಕವಚ ಹೊಲಿಸಬೇಕಾಗಿಯೂ ಇಲ್ಲ. ಸಾಗಾಟಕ್ಕೆ, ಇಡುವ ಜಾಗಕ್ಕೆ, ಮಾಲೀಕನನ್ನು ಹುಡುಕುವುದಕ್ಕೆ ಆದ ಖರ್ಚು ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು. ಗಮನಿಸಿ, ಈ ಖರ್ಚಿನಲ್ಲಿ ಬಾಡಿಗೆ ಬಾಕಿ ಸೇರುವುದಿಲ್ಲ.

ಮಾರುವುದು ಯಾವಾಗ? ಸಾಮಾನ್ಯವಾಗಿ ಮಾರಾಟವಾಗುವಂಥ ವಸ್ತುವಾಗಿದ್ದು, ಹುಡುಕಿದರೂ ಮಾಲೀಕ ಸಿಗದಿದ್ದಾಗ ಅಥವಾ ಸಿಕ್ಕೂ ನ್ಯಾಯವಾದ ಖರ್ಚು ಕೊಡಲು ಒಪ್ಪದಿದ್ದಾಗ 169ನೇ ಸೆಕ್ಷನ್ ಎರಡು ಸಂದರ್ಭಗಳಲ್ಲಿ ಬಿಡುತ್ತದೆ. ವಸ್ತು ಕೆಟ್ಟುಹೋಗುವಂತಿರಬೇಕು ಅಥವಾ ಅದರ ಬೆಲೆಯ ಹೆಚ್ಚಿನ ಭಾಗ ಇಳಿದುಹೋಗುವಂತಿರಬೇಕು, ಇಲ್ಲವೇ ಇಟ್ಟುಕೊಂಡ ಖರ್ಚು ವಸ್ತುವಿನ ಬೆಲೆಯ ಮೂರರಲ್ಲಿ ಎರಡು ಪಾಲು ಮುಟ್ಟಿರಬೇಕು. ಫ್ರಿಜ್ಜಿಗೆ ಸೆಕೆಂಡ್ ಹ್ಯಾಂಡ್ ಅಂಗಡಿಯವರು 6,000 ರೂಪಾಯಿ ಹೇಳಿದರು ಎನ್ನಿ. ಅದರ ಮೂರರಲ್ಲಿ ಎರಡು ಪಾಲು 4,000. ತಿಂಗಳಿಗೆ 1,500 ಕೊಟ್ಟು ಒಂದು ಗೋದಾಮಿನ ಮೂಲೆಯಲ್ಲಿ ಇಟ್ಟರೆ ಮೂರನೆಯ ತಿಂಗಳ ಕೊನೆಗೆ ಖರ್ಚು 4,500 ಆಗಿ ಗೆರೆ ದಾಟುತ್ತದೆ. ಮಾರಿದ ಮೇಲೂ ಖರ್ಚು ಕಳೆದು ಉಳಿದದ್ದು ಅವನ ದುಡ್ಡು. ಇದನ್ನೆಲ್ಲ ಬಿಟ್ಟು, ವಿಳಾಸ ಕೈಯಲ್ಲಿದ್ದೂ ತಿಳಿಸದೆ ಮಾರಿ ಜೇಬಿಗೆ ಹಾಕಿಕೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್ ಹೇಳುವ ಅಪ್ರಾಮಾಣಿಕ ದುರ್ಬಳಕೆಯಾಗಬಹುದು. ಮಾಲೀಕನನ್ನು ಹುಡುಕಲು, ತಿಳಿಸಲು ಸಾಕಷ್ಟು ಪ್ರಯತ್ನ ಮಾಡಿ, ಸಾಕಷ್ಟು ಕಾಲ ಇಟ್ಟುಕೊಂಡಿದ್ದೇ ಅಲ್ಲಿ ರಕ್ಷಣೆ.

ನಮ್ಮ ಹುಡುಗ ಮುಂಚೆಯೇ ಒಪ್ಪಿಗೆ ಬರೆದುಕೊಟ್ಟದ್ದರಿಂದ ಈ ಲೆಕ್ಕವೇ ಬೇಕಾಗಲಿಲ್ಲ. ಸೆಪ್ಟೆಂಬರ್ 30 ಕಳೆಯಿತು, ಅವನು ಬರಲಿಲ್ಲ, ಫ್ರಿಜ್ಜು 6,000ಕ್ಕೆ ಹೋಯಿತು. ಹರಕು ಮೇಜು, ಪಾತ್ರೆಗಳು ತೂಕಕ್ಕೆ ಹೋಗಿ 500 ಬಂತು. ಈಗ ಪೂರ್ತಿ ಲೆಕ್ಕ ನೋಡಿ. ಕೀ ಲೆಕ್ಕಕ್ಕೆ ಬಂದದ್ದು ಆಗಸ್ಟ್ ಕೊನೆಗೆ, ಆದ್ದರಿಂದ ಜೂನ್, ಜುಲೈ, ಆಗಸ್ಟ್ ಬಾಡಿಗೆ 54,000. ಕರಾರಿನಲ್ಲಿ ಬರೆದಂತೆ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ 18,000. ಕರೆಂಟು, ಹೊಸ ಬೀಗ, ಸಾಮಾನು ಕೆಳಗಿಳಿಸಿದ ಕೂಲಿ ಸೇರಿ 4,000. ಒಟ್ಟು ಕಳೆಯುವುದು 76,000. ಅಡ್ವಾನ್ಸ್ ಒಂದು ಲಕ್ಷ, ಮಾರಾಟದ 6,500 ಸೇರಿ 1,06,500. ಉಳಿದದ್ದು 30,500 ರೂಪಾಯಿ, ಅದು ಮನೆಯೊಡತಿ ಹುಡುಗನಿಗೆ ಕೊಡಬೇಕಾದ ಹಣ. ಮೂರು ತಿಂಗಳು ಎಲ್ಲರ ಬಾಯಲ್ಲಿ ಟೋಪಿ ಹಾಕಿ ಓಡಿಹೋದವನಾಗಿದ್ದವನೇ ಕೊನೆಗೆ ಸಾಲ ಕೊಟ್ಟವನ ಜಾಗದಲ್ಲಿ ನಿಂತ. ಆಗಸ್ಟಿನಲ್ಲೇ ಬೀಗ ಒಡೆದು ಎಲ್ಲ ಗುಜರಿಗೆ ಹಾಕಿದ್ದರೆ ಈ ಲೆಕ್ಕವನ್ನು ಅವನು ನ್ಯಾಯಾಲಯದಲ್ಲಿ, ಇಲ್ಲದ ಚಿನ್ನವನ್ನೂ ಸೇರಿಸಿ, ಕೇಳಬಹುದಿತ್ತು. ಅಡ್ವಾನ್ಸಿಗಿಂತ ಬಾಕಿ ಹೆಚ್ಚಾದಾಗ ಮಾತ್ರ ಓನರ್ ನಿಜವಾಗಿ ಕಳೆದುಕೊಳ್ಳುವುದು, ಹಾಗಾಗಿ ಎರಡನೆಯ ತಿಂಗಳು ಬಾಡಿಗೆ ತಪ್ಪಿದ ಕೂಡಲೇ ನೋಟಿಸು ಹೋಗಬೇಕು. ಬರುತ್ತಾನೆ ಬಿಡಿ ಎಂದು ಆರು ತಿಂಗಳು ಕಾಯುವ ಔದಾರ್ಯ ಇಬ್ಬರಿಗೂ ಒಳ್ಳೆಯದಲ್ಲ.

ಪಿಜಿಗಳ ಸ್ಥಿತಿ ಸ್ವಲ್ಪ ಬೇರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನ ಪಿಜಿಗಳಿಂದ ಎಷ್ಟೋ ಹುಡುಗರು ಒಂದು ಬ್ಯಾಗು ಹಿಡಿದು ಊರಿಗೆ ಹೋದರು, ತಿಂಗಳುಗಟ್ಟಲೆ ಬರಲಾಗಲಿಲ್ಲ. ಅಲ್ಲಿ ಕೋಣೆಯ ಪೂರ್ತಿ ಸ್ವಾಧೀನ ಇರುವವನಿಗಿಂತ, ಮಂಚವೊಂದನ್ನು ಬಳಸಲು ಅನುಮತಿ ಪಡೆದವನೇ ಹೆಚ್ಚು. ಆದ್ದರಿಂದ ಮಾಲೀಕ ಒಳಗೆ ಹೋಗುವುದು ಅಷ್ಟು ದೊಡ್ಡ ತಕರಾರಾಗುವುದಿಲ್ಲ. ಹಾಗೆಂದು ಸಾಮಾನಿನ ಮೇಲೆ ಹಕ್ಕು ಬರುವುದಿಲ್ಲ. ಅನುಮತಿ ರದ್ದಾದ ಮೇಲೂ ಜಾಗ ಬಿಡಲು, ಇಟ್ಟ ಸಾಮಾನು ತೆಗೆದುಕೊಳ್ಳಲು ಅವನಿಗೆ ಸಾಕಷ್ಟು ಸಮಯ ಸಿಗಬೇಕು ಎಂದು 1882ರ ಈಸ್‌ಮೆಂಟ್ಸ್ ಕಾಯ್ದೆಯ 63ನೇ ಸೆಕ್ಷನ್ ಹೇಳುತ್ತದೆ. ಒಬ್ಬೊಬ್ಬರ ಸಾಮಾನನ್ನು ಬೇರೆ ಬೇರೆ ಚೀಲಕ್ಕೆ ಕಟ್ಟಿ, ಹೆಸರು ಬರೆದು, ಫೋಟೋ ಕಳಿಸಿ, ಒಯ್ಯುವ ಗಡುವು ತಿಳಿಸಿದರೆ ಅಲ್ಲಿ ಮುಗಿಯಿತು.

ಬಾಡಿಗೆದಾರ ತೀರಿಹೋದ ಮನೆಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಮೊದಲು ಬಂದ ಸಂಬಂಧಿಕನಿಗೆ ಕೀ ಕೊಟ್ಟುಬಿಡುವುದು ಸಹಜ, ಆದರೆ ಹೆಂಡತಿ ಒಂದು ಕಡೆ, ಅಣ್ಣತಮ್ಮಂದಿರು ಇನ್ನೊಂದು ಕಡೆ ನಿಂತ ಪ್ರಸಂಗದಲ್ಲಿ ಯಾರಿಗೆ ಕೊಟ್ಟರೂ ಇನ್ನೊಬ್ಬರ ದೂರು ಓನರ್ ಮೇಲೆ. ವಾರಸುದಾರರೆಲ್ಲ ಸೇರಿ ಸಹಿ ಮಾಡಿದರೆ ಪಟ್ಟಿ ಪ್ರಕಾರ ಕೊಡಬಹುದು. ಜಗಳವಿದ್ದರೆ ಪಂಚರ ಎದುರು ಪಟ್ಟಿ ಮಾಡಿ, ಬಾಗಿಲು ಮುಚ್ಚಿ, ನ್ಯಾಯಾಲಯದಿಂದ ಆದೇಶ ತನ್ನಿ ಎನ್ನುವುದೊಂದೇ ಸರಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಮ್ಮವರು ಬಾಡಿಗೆಗೆ ಇರುವುದೂ ಉಂಟು, ಮನೆ ಕೊಂಡು ಬಾಡಿಗೆಗೆ ಬಿಟ್ಟಿರುವುದೂ ಉಂಟು. ಅಲ್ಲಿನ ಸಿವಿಲ್ ಸಂಹಿತೆ ಇದನ್ನೆಲ್ಲ ದಿನ ಎಣಿಸಿ ಬರೆದಿಟ್ಟಿದೆ. ಮನೆ ತೆರವಾದ ಮೇಲೆ ಉಳಿದ ಸಾಮಾನಿಗೆ ಓನರ್ ನಿಗದಿತ ನಮೂನೆಯ ನೋಟಿಸು ಕೊಡಬೇಕು. ಕೈಗೆ ಕೊಟ್ಟರೆ 15 ದಿನ, ಅಂಚೆಯಲ್ಲಾದರೆ 18 ದಿನದ ಗಡುವು. ಅಷ್ಟರೊಳಗೆ ಬಾರದಿದ್ದರೆ, ಒಟ್ಟು ಬೆಲೆ 700 ಡಾಲರಿಗಿಂತ ಕಡಿಮೆ ಎಂದು ಪ್ರಾಮಾಣಿಕವಾಗಿ ನಂಬಲು ಕಾರಣವಿದ್ದಾಗ ಇಟ್ಟುಕೊಳ್ಳಬಹುದು ಇಲ್ಲವೇ ಎಸೆಯಬಹುದು, ಅದಕ್ಕಿಂತ ಹೆಚ್ಚಿದ್ದರೆ ಬಹಿರಂಗ ಹರಾಜು. ನಮ್ಮ ಕಾಯ್ದೆಗಳಲ್ಲಿ ಇಂಥ ಎಣಿಕೆ ಇಲ್ಲದಿರುವುದೇ ಓನರಿನ ಅಳುಕಿಗೂ ಬಾಡಿಗೆದಾರನ ಸಂಕಟಕ್ಕೂ ಮೂಲ.

ಕಾಯ್ದೆ ಹೇಳದ್ದನ್ನು ಕರಾರಿನಲ್ಲಿ ಬರೆದುಕೊಳ್ಳಲು ಅಡ್ಡಿಯಿಲ್ಲ. ಕರಾರಿನಲ್ಲಿ ಪೇಂಟಿಂಗಿಗೆ, ನೀರಿಗೆ, ನಾಯಿಗೆ ಒಂದೊಂದು ಷರತ್ತು ಇರುತ್ತದೆ, ಬಿಟ್ಟ ಸಾಮಾನಿನ ಬಗ್ಗೆ ಒಂದು ಅಕ್ಷರವೂ ಇರುವುದಿಲ್ಲ. ಕೀ ಒಪ್ಪಿಸಿದ ಮೇಲೆ ಉಳಿದ ಸಾಮಾನನ್ನು ಓನರ್ ಮೂವತ್ತು ದಿನ ಇಟ್ಟುಕೊಂಡು, ಇಂಥ ನಂಬರಿಗೂ ಇಮೇಲಿಗೂ ತಿಳಿಸಿ, ಆಮೇಲೆ ಮಾರಬಹುದು, ಖರ್ಚು ಕಳೆದು ಉಳಿದದ್ದನ್ನು ಅಡ್ವಾನ್ಸಿನ ಲೆಕ್ಕಕ್ಕೆ ಸೇರಿಸಬೇಕು ಎಂದು ಒಂದು ಷರತ್ತು. ತನ್ನನ್ನು ಸಂಪರ್ಕಿಸಲಾಗದಿದ್ದರೆ ಯಾರನ್ನು ಕೇಳಬೇಕು ಎಂದು ಬಾಡಿಗೆದಾರ ಸೂಚಿಸುವ ಒಬ್ಬರ ಹೆಸರು, ವಿಳಾಸ, ಆ ವ್ಯಕ್ತಿಗೆ ಬಾಗಿಲು ತೆಗೆಸುವ ಅಧಿಕಾರ ಎಂದು ಇನ್ನೊಂದು. ಬಾಡಿಗೆದಾರನ ಅರಿವಿಲ್ಲದೆ ಬೀಗ ಒಡೆಯಬಹುದು ಎಂದು ಬರೆಸುವವರಿದ್ದಾರೆ, ಅದು ಪೊಲೀಸರ ಮುಂದಾಗಲಿ ನ್ಯಾಯಾಲಯದಲ್ಲಾಗಲಿ ನಿಲ್ಲುತ್ತದೆ ಎಂದು ನಂಬಿಕೊಳ್ಳಬೇಡಿ. ಪಟ್ಟಿ, ವಿಡಿಯೋ, ಅಂಚೆ ರಸೀದಿ, ಹಿಂಬರಹಗಳ ಫೈಲನ್ನು ಮನೆಗೆ ಹೊಸಬರು ಬಂದರೆಂದು ಎಸೆಯಲೂಬೇಡಿ. ತನ್ನ ವಸ್ತುವಿನ ಬೆಲೆ ಕೇಳಿ ದಾವೆ ಹೂಡಲು ಹಳೆಯ ಬಾಡಿಗೆದಾರನಿಗೂ ಮೂರು ವರ್ಷ ಸಮಯವಿದೆ.